‘ಚೆನ್ನಾಗಿ’ ಎಂಬ ಒಂದು ಪದ, ಇಂಗ್ಲಿಷಿನಲ್ಲಿ ಎರಡು ದಾರಿ: ಗುಡ್, ವೆಲ್ ಮತ್ತು ಮೋರ್ ಬೆಟರ್ ಗೊಂದಲವನ್ನು ಬಿಡಿಸುವ ಕ್ರಮ

‘ಅವಳು ಚೆನ್ನಾಗಿ ಹಾಡುತ್ತಾಳೆ.’ ‘ಅವಳ ಹಾಡು ಚೆನ್ನಾಗಿದೆ.’ ಎರಡರಲ್ಲೂ ನಾವು ಬಳಸಿದ್ದು ‘ಚೆನ್ನಾಗಿ’ ಎಂಬ ಒಂದೇ ಪದವನ್ನು. ಇಂಗ್ಲಿಷಿಗೆ ಬಂದಾಗ ಮೊದಲನೆಯದು ‘ಶಿ ಸಿಂಗ್ಸ್ ವೆಲ್’ ಆಗುತ್ತದೆ, ಎರಡನೆಯದು ‘ಹರ್ ಸಾಂಗ್ ಈಸ್ ಗುಡ್’ ಆಗುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ನಿಯಮ ಬಾಯಿಪಾಠವಾಗಿದ್ದರೂ ‘ಹಿ ಪ್ಲೇಸ್ ಗುಡ್’ ಎಂದೋ ‘ದ ಸೂಪ್ ಟೇಸ್ಟ್ಸ್ ನೈಸ್ಲಿ’ ಎಂದೋ ಬಂದುಬಿಡುತ್ತದೆ.

ಶಾಲೆಯಲ್ಲಿ ಕಲಿತ ನಿಯಮ ಸರಿಯಾದದ್ದೇ. ಹೆಸರನ್ನು ವಿವರಿಸುವುದು ಗುಣವಾಚಕ, ಅಂದರೆ ಅಡ್ಜೆಕ್ಟಿವ್. ಕೆಲಸ ಹೇಗೆ ನಡೆಯಿತೆಂದು ಹೇಳುವುದು ಕ್ರಿಯಾವಿಶೇಷಣ, ಅಂದರೆ ಅಡ್ವರ್ಬ್. ಕಷ್ಟವಾಗುವುದು ಈ ನಿಯಮವನ್ನು ನಮ್ಮ ವಾಕ್ಯಕ್ಕೆ ಹೊಂದಿಸುವಾಗ. ‘ಎತ್ತರವಾಗಿದೆ’, ‘ಸುಂದರವಾಗಿದೆ’, ‘ಬಿಸಿಯಾಗಿದೆ’ ಎನ್ನುವಾಗ ನಾವು ಹೇಳುತ್ತಿರುವುದು ವಸ್ತುವಿನ ಗುಣವನ್ನೇ, ಆದರೆ ಪದದ ಕೊನೆಯಲ್ಲಿರುವ ‘ಆಗಿ’ ಕ್ರಿಯಾವಿಶೇಷಣದ್ದು. ಆ ‘ಆಗಿ’ ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ‘ಲಿ’ ಸೇರಿಸುತ್ತದೆ. ಹಾಗಾಗಿ ‘ಆಗಿ’ ಇದ್ದಲ್ಲೆಲ್ಲ ‘ಲಿ’ ಎಂಬ ಲೆಕ್ಕವನ್ನು ಬಿಟ್ಟು ಬೇರೊಂದು ಲೆಕ್ಕ ಹಿಡಿಯಬೇಕು. ಅದಕ್ಕೆ ಬೇಕಾದ ಸುಳಿವು ಕನ್ನಡದಲ್ಲೇ ಇದೆ.

ಹಂತ 1: ‘ಆಗಿ’ಯ ಮುಂದೆ ಯಾವ ಕ್ರಿಯಾಪದ ಇದೆ ನೋಡಿ

ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಪೂರ್ತಿ ವಾಕ್ಯವಾಗಿ ಹೇಳಿಕೊಳ್ಳಿ. ‘ಆಗಿ’ ಎಂದು ಮುಗಿಯುವ ಪದದ ಮುಂದೆ ಇರು, ಆಗು, ಇಡು ಎಂಬ ಮೂರು ಕ್ರಿಯಾಪದಗಳಲ್ಲಿ ಒಂದಿದ್ದರೆ ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್ ಬೇಕು. ಬರು, ಓಡು, ಬರೆ, ಹಾಡು, ಮಾತಾಡು ಮುಂತಾದ ಬೇರೆ ಕ್ರಿಯಾಪದ ಬಂದರೆ ಬಹುತೇಕ ಅಡ್ವರ್ಬ್ ಬೇಕು.

‘ಇರು’ ಸುಲಭವಾದದ್ದು. ‘ಕೋಣೆ ಸ್ವಚ್ಛವಾಗಿದೆ’ ಎಂದರೆ ‘ದ ರೂಮ್ ಈಸ್ ಕ್ಲೀನ್’. ‘ಅವನು ಶಾಂತವಾಗಿದ್ದ’ ಎಂದರೆ ‘ಹಿ ವಾಸ್ ಕಾಮ್’. ಇದೇ ಶಾಂತತೆ ಇನ್ನೊಂದು ಕೆಲಸಕ್ಕೆ ಅಂಟಿಕೊಂಡರೆ ಪದವೂ ಬದಲಾಗುತ್ತದೆ. ‘ಅವನು ಶಾಂತವಾಗಿ ಉತ್ತರಿಸಿದ’ ಎಂಬುದು ‘ಹಿ ಆನ್ಸರ್ಡ್ ಕಾಮ್ಲಿ’.

‘ಆಗು’ ಎಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ತಿರುಗುವುದು. ಇಂಗ್ಲಿಷಿನಲ್ಲಿ ಇದಕ್ಕೆ ಬಿಕಮ್, ಗೆಟ್, ಟರ್ನ್, ಗ್ರೋ, ಗೋ ಎಂದು ಹಲವು ಪದಗಳಿವೆ. ‘ಹಾಲು ಹುಳಿಯಾಯಿತು’ ಎಂಬುದು ‘ದ ಮಿಲ್ಕ್ ಟರ್ನ್ಡ್ ಸೌರ್’, ‘ಕತ್ತಲಾಯಿತು’ ಎಂಬುದು ‘ಇಟ್ ಗಾಟ್ ಡಾರ್ಕ್’. ಇವುಗಳ ಮುಂದೆ ‘ಸೌರ್ಲಿ’, ‘ಡಾರ್ಕ್ಲಿ’ ಬರುವುದಿಲ್ಲ. ಹುಳಿಯಾದದ್ದು ಹಾಲು. ತಿರುಗುವ ಕೆಲಸ ಯಾವ ರೀತಿಯಲ್ಲಿ ನಡೆಯಿತೆಂದು ಇಲ್ಲಿ ಯಾರೂ ಹೇಳುತ್ತಿಲ್ಲ.

‘ಇಡು’ ಕಡೆಗೆ ಗಮನ ಹೋಗುವುದು ಕಡಿಮೆ, ತಪ್ಪಾಗುವುದು ಜಾಸ್ತಿ. ‘ಕೋಣೆಯನ್ನು ಸ್ವಚ್ಛವಾಗಿಡು’ ಎಂಬುದು ‘ಕೀಪ್ ದ ರೂಮ್ ಕ್ಲೀನ್’ ಆಗಬೇಕು. ‘ಕ್ಲೀನ್ಲಿ’ ಎಂದರೆ ತಪ್ಪು. ಇಡುವ ಕೆಲಸ ಸ್ವಚ್ಛವಲ್ಲ, ಅದರ ಫಲವಾಗಿ ಸ್ವಚ್ಛವಾಗಿರುವುದು ಕೋಣೆ. ‘ಬಾಗಿಲನ್ನು ತೆರೆದಿಡು’ ಎಂಬುದು ‘ಕೀಪ್ ದ ಡೋರ್ ಓಪನ್’ ಆಗುವುದೂ ಇದೇ ಕಾರಣಕ್ಕೆ.

ಇಡು ಜಾಗದಲ್ಲಿ ‘ಮಾಡು’ ಬಂದಾಗ ಸ್ವಲ್ಪ ನಿಧಾನಿಸಿ. ‘ಅವಳು ಕೆಲಸವನ್ನು ಸುಲಭ ಮಾಡಿದಳು’, ‘ಅವಳು ಕೆಲಸವನ್ನು ಸುಲಭವಾಗಿ ಮಾಡಿದಳು’ ಎಂಬ ಎರಡು ವಾಕ್ಯಗಳ ಅರ್ಥ ಬೇರೆ ಎಂಬುದು ಕನ್ನಡ ಬಲ್ಲ ಯಾರಿಗಾದರೂ ತಕ್ಷಣ ತಿಳಿಯುತ್ತದೆ. ಮೊದಲನೆಯದರಲ್ಲಿ ಕೆಲಸವೇ ಸುಲಭವಾಯಿತು. ಆದ್ದರಿಂದ ಅದು ‘ಶಿ ಮೇಡ್ ದ ವರ್ಕ್ ಈಜಿ’. ಎರಡನೆಯದರಲ್ಲಿ ಕೆಲಸ ಇದ್ದಂತೆಯೇ ಇದೆ, ಅವಳಿಗೆ ತೊಂದರೆಯಾಗಲಿಲ್ಲ ಅಷ್ಟೆ. ಅದು ‘ಶಿ ಡಿಡ್ ದ ವರ್ಕ್ ಈಜಿಲಿ’. ‘ಆಗಿ’ ಇದ್ದರೆ ‘ಲಿ’ ಎಂಬ ಹಳೆಯ ಲೆಕ್ಕ ಇಲ್ಲಿ ಮಾತ್ರ ನಿಜಕ್ಕೂ ನೆರವಿಗೆ ಬರುತ್ತದೆ.

ಹಂತ 2: ಐದು ಇಂದ್ರಿಯಗಳ ಪದಗಳಿಗೆ ‘ನೋಡು’ ಪರೀಕ್ಷೆ

ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್. ಅಡ್ಜೆಕ್ಟಿವ್ ಮತ್ತು ಅಡ್ವರ್ಬ್ ಗೊಂದಲ ಅತಿ ಹೆಚ್ಚು ಕಾಣುವುದು ಈ ಐದು ಪದಗಳ ಸುತ್ತ. ನೋಡುವುದಕ್ಕೆ ಇವು ಕೆಲಸ ಹೇಳುವ ಪದಗಳೇ. ಹಾಗಾಗಿ ಇವುಗಳ ಮುಂದೆ ಅಡ್ವರ್ಬ್ ಇಡಬೇಕೆನ್ನಿಸುತ್ತದೆ. ಆದರೆ ಇವು ಎರಡು ಬಗೆಯಲ್ಲಿ ಬಳಕೆಯಾಗುತ್ತವೆ. ಒಂದು ಬಗೆಯಲ್ಲಿ ಕರ್ತೃ ಏನೂ ಮಾಡುವುದಿಲ್ಲ, ಸುಮ್ಮನೆ ಒಂದು ಗುಣವನ್ನು ಹೊತ್ತು ಕೂತಿರುತ್ತದೆ. ಇನ್ನೊಂದರಲ್ಲಿ ಕರ್ತೃ ಕಣ್ಣನ್ನೋ ಮೂಗನ್ನೋ ನಾಲಗೆಯನ್ನೋ ಕೆಲಸಕ್ಕೆ ಹಚ್ಚುತ್ತಾನೆ.

ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡದಲ್ಲಿ ಹಾಗಿಲ್ಲ, ಈ ಎರಡು ಬಗೆಗಳಿಗೆ ನಮ್ಮಲ್ಲಿ ಬೇರೆಬೇರೆ ಮಾತುಗಳಿವೆ. ಕೆಲಸ ಮಾಡುವಾಗ ನಮ್ಮ ಮಾತಿನಲ್ಲಿ ‘ನೋಡು’ ಬರುತ್ತದೆ: ನೋಡು, ಮೂಸಿ ನೋಡು, ರುಚಿ ನೋಡು, ಮುಟ್ಟಿ ನೋಡು. ಗುಣ ಹೇಳುವಾಗ ಕಾಣು, ವಾಸನೆ ಬರು, ರುಚಿ ಇರು, ಅನ್ನಿಸು, ಕೇಳಿಸು ಎಂಬಂಥವು ಬರುತ್ತವೆ. ಹಾಗಾಗಿ ಪರೀಕ್ಷೆ ಇಷ್ಟೇ: ಕನ್ನಡದಲ್ಲಿ ‘ನೋಡು’ ಬಂದರೆ ಅಡ್ವರ್ಬ್, ಬರದಿದ್ದರೆ ಅಡ್ಜೆಕ್ಟಿವ್.

‘ಅವಳು ದಣಿದಂತೆ ಕಾಣುತ್ತಾಳೆ.’ ಇದರಲ್ಲಿ ‘ಕಾಣು’ ಇದೆ, ಹಾಗಾಗಿ ‘ಶಿ ಲುಕ್ಸ್ ಟಯರ್ಡ್’. ‘ಅವಳು ನಕ್ಷೆಯನ್ನು ಎಚ್ಚರಿಕೆಯಿಂದ ನೋಡಿದಳು’ ಎಂಬುದರಲ್ಲಿ ‘ನೋಡು’ ಇದೆ, ಹಾಗಾಗಿ ‘ಶಿ ಲುಕ್ಡ್ ಕೇರ್‌ಫುಲಿ ಅಟ್ ದ ಮ್ಯಾಪ್’. ‘ಹೂವಿನಿಂದ ಒಳ್ಳೆಯ ವಾಸನೆ ಬರುತ್ತಿದೆ’ ಎಂಬುದು ‘ದ ಫ್ಲವರ್ ಸ್ಮೆಲ್ಸ್ ಗುಡ್’. ‘ಅವನು ಹಾಲನ್ನು ಮೆಲ್ಲಗೆ ಮೂಸಿ ನೋಡಿದ’ ಎಂಬುದು ‘ಹಿ ಸ್ಮೆಲ್ಡ್ ದ ಮಿಲ್ಕ್ ಸ್ಲೋಲಿ’. ಬಟ್ಟೆ ಮುಟ್ಟಿದರೆ ಮೆತ್ತಗಿದ್ದರೆ ‘ದ ಕ್ಲಾತ್ ಫೀಲ್ಸ್ ಸಾಫ್ಟ್’. ವೈದ್ಯರು ಮಣಿಕಟ್ಟನ್ನು ಮೃದುವಾಗಿ ಮುಟ್ಟಿ ನೋಡಿದರೆ ‘ದ ಡಾಕ್ಟರ್ ಫೆಲ್ಟ್ ಮೈ ರಿಸ್ಟ್ ಜೆಂಟ್ಲಿ’.

ಕೋಪದ ಜೋಡಿಯನ್ನು ಒಮ್ಮೆ ಬರೆದು ಎದುರಿಗಿಟ್ಟುಕೊಂಡರೆ ಈ ಹಂತ ಮತ್ತೆ ಮರೆಯುವುದಿಲ್ಲ. ‘ಹಿ ಲುಕ್ಡ್ ಆಂಗ್ರಿ’ ಎಂದರೆ ಅವನು ಸಿಟ್ಟಾದವನಂತೆ ಕಂಡ. ‘ಹಿ ಲುಕ್ಡ್ ಆಂಗ್ರಿಲಿ ಅಟ್ ಮಿ’ ಎಂದರೆ ಅವನು ನನ್ನತ್ತ ಸಿಟ್ಟಿನಿಂದ ನೋಡಿದ. ಇಲ್ಲಿ ಎರಡೂ ಸರಿಯಾದ ಇಂಗ್ಲಿಷೇ, ಹೇಳುವುದು ಮಾತ್ರ ಬೇರೆಬೇರೆ.

ಇದಕ್ಕೆ ಇಂಗ್ಲಿಷಿನೊಳಗೇ ಇರುವ ಇನ್ನೊಂದು ಪರೀಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ. ಆ ಕ್ರಿಯಾಪದವನ್ನು ತೆಗೆದು ಅಲ್ಲಿ ‘ಈಸ್’ ಅಥವಾ ‘ವಾಸ್’ ಇಡಿ. ‘ದ ಫ್ಲವರ್ ಈಸ್ ಗುಡ್’ ಎಂದರೆ ಹೆಚ್ಚುಕಡಿಮೆ ಅದೇ ಅರ್ಥ ಉಳಿಯುತ್ತದೆ, ಆದ್ದರಿಂದ ಅಡ್ಜೆಕ್ಟಿವ್. ‘ಶಿ ವಾಸ್ ಕೇರ್‌ಫುಲಿ ಅಟ್ ದ ಮ್ಯಾಪ್’ ಎಂದರೆ ಮಾತೇ ಕೆಟ್ಟುಹೋಗುತ್ತದೆ, ಆದ್ದರಿಂದ ಅಡ್ವರ್ಬ್. ಸೀಮ್, ರಿಮೇನ್, ಸ್ಟೇ ಎಂಬ ಪದಗಳಿಗೂ ಈ ಪರೀಕ್ಷೆ ನಡೆಯುತ್ತದೆ. ‘ಸುಮ್ಮನಿರು’ ಎನ್ನುವುದಕ್ಕೆ ‘ಸ್ಟೇ ಕ್ವಯೆಟ್’ ಎನ್ನುತ್ತೇವೆಯೇ ಹೊರತು ‘ಸ್ಟೇ ಕ್ವಯೆಟ್ಲಿ’ ಎನ್ನುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ನಿಯಮವನ್ನು ಚೆನ್ನಾಗಿ ಕಲಿತವರೇ ಮಾಡುವ ತಪ್ಪೊಂದಿದೆ: ‘ಐ ಫೀಲ್ ಬ್ಯಾಡ್ಲಿ’. ‘ಗುಡ್ ಅಲ್ಲ, ವೆಲ್ ಅನ್ನು’ ಎಂದು ನೂರು ಸಲ ತಿದ್ದಿಸಿಕೊಂಡವರು ಮುಂದೆ ಎಲ್ಲ ಕಡೆ ‘ಲಿ’ ಹಾಕತೊಡಗುತ್ತಾರೆ. ಕೆಲವು ಇಂಗ್ಲಿಷರ ಬಾಯಲ್ಲೂ ‘ಫೀಲ್ ಬ್ಯಾಡ್ಲಿ’ ಕೇಳಿಬರುತ್ತದೆ. ಆದರೆ ಬೇಸರ ಅಥವಾ ಪಶ್ಚಾತ್ತಾಪ ಹೇಳಲು ‘ಐ ಫೀಲ್ ಬ್ಯಾಡ್’ ಎಂದರೆ ಯಾರೂ ತಪ್ಪು ಹುಡುಕಲಾರರು. ಬರವಣಿಗೆಯಲ್ಲಿ ಅದನ್ನೇ ಹಿಡಿಯಿರಿ.

ಹಂತ 3: ಗುಡ್ ಮತ್ತು ವೆಲ್

ಮೇಲಿನ ಎರಡು ಹಂತ ಕೈಗೆ ಹತ್ತಿದರೆ ಗುಡ್ ಮತ್ತು ವೆಲ್ ಜಗಳ ಮುಕ್ಕಾಲು ಪಾಲು ಮುಗಿದ ಹಾಗೆ. ಗುಡ್ ಅಡ್ಜೆಕ್ಟಿವ್, ವೆಲ್ ಅದರ ಅಡ್ವರ್ಬ್. ಕ್ವಿಕ್ ಪದಕ್ಕೆ ಕ್ವಿಕ್ಲಿ ಇದ್ದ ಹಾಗೆ ಗುಡ್ ಪದಕ್ಕೆ ‘ಗುಡ್ಲಿ’ ಎಂಬ ಅಡ್ವರ್ಬ್ ಇಲ್ಲ. ವೆಲ್ ಎಂಬ ಪೂರಾ ಬೇರೆ ಪದ ಆ ಜಾಗದಲ್ಲಿದೆ. ಉಳಿಯುವುದು ಎರಡು ವಿಷಯ: ಪದ ಕೂರುವ ಜಾಗ ಮತ್ತು ಆರೋಗ್ಯದ ಮಾತು.

ಮೊದಲು ಜಾಗದ ವಿಷಯ. ‘ಅವಳು ಒಳ್ಳೆಯ ಇಂಗ್ಲಿಷ್ ಮಾತಾಡುತ್ತಾಳೆ’ ಎನ್ನುವಾಗ ‘ಒಳ್ಳೆಯ’ ಎಂಬುದು ಇಂಗ್ಲಿಷ್ ಎಂಬ ಹೆಸರಿಗೆ ಅಂಟಿದೆ. ಆದ್ದರಿಂದ ‘ಶಿ ಸ್ಪೀಕ್ಸ್ ಗುಡ್ ಇಂಗ್ಲಿಷ್’. ‘ಅವಳು ಇಂಗ್ಲಿಷನ್ನು ಚೆನ್ನಾಗಿ ಮಾತಾಡುತ್ತಾಳೆ’ ಎನ್ನುವಾಗ ‘ಚೆನ್ನಾಗಿ’ ಮಾತಾಡುವುದಕ್ಕೆ ಅಂಟಿದೆ. ಆದ್ದರಿಂದ ‘ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್’. ಒಳ್ಳೆಯ ಎಂದರೆ ಗುಡ್, ಕೆಲಸದ ಜೊತೆಗಿನ ಚೆನ್ನಾಗಿ ಎಂದರೆ ವೆಲ್ ಎಂದು ಹಿಡಿದುಕೊಳ್ಳಿ. ಹಾಗೆ ಆರಿಸಿಕೊಂಡ ವೆಲ್ ವಾಕ್ಯದ ಕೊನೆಗೆ, ಕರ್ಮಪದದ ಆಚೆಗೆ ಹೋಗಬೇಕು. ‘ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂದು ನಡುವೆ ತೂರಿಸಿದರೆ ಪದ ಸರಿಯಾಗಿದ್ದೂ ವಾಕ್ಯ ತಪ್ಪಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ರೀತಿ ಹೇಳುವ ಅಡ್ವರ್ಬನ್ನು ಸಾಮಾನ್ಯವಾಗಿ ಕೂರಿಸುವುದಿಲ್ಲ.

ಇನ್ನು ಆರೋಗ್ಯ. ವೆಲ್ ಇಲ್ಲಿ ಅಡ್ವರ್ಬ್ ಆಗಿ ಉಳಿಯದೆ ಅಡ್ಜೆಕ್ಟಿವ್ ಆಗಿಬಿಡುತ್ತದೆ. ‘ಐ ಆಮ್ ವೆಲ್’ ಎನ್ನುವಾಗ ‘ಈಸ್, ಆಮ್ ಮುಂದೆ ಅಡ್ಜೆಕ್ಟಿವ್ ಬರಬೇಕಿತ್ತಲ್ಲ’ ಎಂದು ಗೊಂದಲ ಪಡಬೇಕಾಗಿಲ್ಲ, ಬಂದಿರುವುದು ಅಡ್ಜೆಕ್ಟಿವ್ವೇ. ಇದಕ್ಕೆ ಕನ್ನಡದಲ್ಲಿ ಅಳತೆಗೆ ಸರಿಹೊಂದುವ ಪದವೊಂದಿದೆ: ಹುಷಾರು. ‘ಹುಷಾರಾಗಿದ್ದೇನೆ’ ಎಂದರೆ ‘ಐ ಆಮ್ ವೆಲ್’, ‘ಹುಷಾರಿಲ್ಲ’ ಎಂದರೆ ‘ಐ ಆಮ್ ನಾಟ್ ವೆಲ್’. ‘ಹುಷಾರು’ ಎಂದು ಹೇಳಬಹುದಾದ ಕಡೆ ವೆಲ್ ಹಾಕಿ. ಮನಸ್ಸು ಹಗುರಾಗಿದೆ, ಖುಷಿಯಾಗಿದೆ ಎನ್ನಬೇಕಾದರೆ ‘ಐ ಫೀಲ್ ಗುಡ್’.

‘ಹೌ ಆರ್ ಯು’ ಎಂದು ಕೇಳಿದಾಗ ‘ಐ ಆಮ್ ಗುಡ್’ ಎನ್ನಬಹುದೇ ಎಂಬ ವಾದ ಮುಗಿಯುವಂಥದ್ದಲ್ಲ. ಮಾತಿನಲ್ಲಿ, ಅದರಲ್ಲೂ ಅಮೆರಿಕದ ಮಾತಿನಲ್ಲಿ, ಅದು ತೀರಾ ಸಾಮಾನ್ಯ. ವ್ಯಾಕರಣದ ದೃಷ್ಟಿಯಿಂದಲೂ ‘ಆಮ್’ ಮುಂದೆ ಅಡ್ಜೆಕ್ಟಿವ್ ಬಂದಿದೆ, ತಪ್ಪೇನಿಲ್ಲ. ಹಾಗೆ ಹೇಳಿದವರನ್ನು ತಿದ್ದಲು ಹೋಗಬೇಡಿ. ಪತ್ರದಲ್ಲಿ ಬರೆಯುವಾಗ ‘ಐ ಆಮ್ ವೆಲ್’ ಅಥವಾ ‘ಐ ಆಮ್ ಫೈನ್’ ಒಪ್ಪುತ್ತದೆ.

‘ಡೂಯಿಂಗ್ ಗುಡ್’ ವಿಷಯ ಮಾತ್ರ ಬೇರೆ. ‘ಶಿ ಈಸ್ ಡೂಯಿಂಗ್ ವೆಲ್’ ಎಂದರೆ ಅವಳು ಚೆನ್ನಾಗಿದ್ದಾಳೆ, ಅವಳ ಕೆಲಸ ಚೆನ್ನಾಗಿ ಸಾಗುತ್ತಿದೆ. ‘ಶಿ ಈಸ್ ಡೂಯಿಂಗ್ ಗುಡ್’ ಎಂದು ಬರೆದರೆ ಅವಳು ಜನರಿಗೆ ಉಪಕಾರ ಮಾಡುತ್ತಿದ್ದಾಳೆ ಎಂಬ ಅರ್ಥವೂ ಬರುತ್ತದೆ. ಅಲ್ಲಿ ‘ಗುಡ್’ ಒಳಿತು ಎಂಬ ನಾಮಪದ. ಪರೀಕ್ಷೆ ಹೇಗಾಯಿತು ಎಂಬುದಕ್ಕೆ ‘ಐ ಡಿಡ್ ವೆಲ್’ ಎಂದೇ ಬರೆಯಿರಿ.

ಹಂತ 4: ‘ಲಿ’ ನೋಡಿ ಮೋಸಹೋಗದಿರುವುದು

ಅಡ್ವರ್ಬ್ ಬೇಕೆಂದು ತೀರ್ಮಾನವಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಕೆಲವು ಪದಗಳು ಎರಡೂ ಕೆಲಸಕ್ಕೆ ಹಾಗೇ ಬರುತ್ತವೆ: ಫಾಸ್ಟ್, ಹಾರ್ಡ್, ಲೇಟ್, ಅರ್ಲಿ. ‘ಎ ಫಾಸ್ಟ್ ಕಾರ್’, ‘ಹಿ ರನ್ಸ್ ಫಾಸ್ಟ್’. ‘ಫಾಸ್ಟ್ಲಿ’ ಎಂಬ ಪದ ಇಂದಿನ ಬಳಕೆಯಲ್ಲಿಲ್ಲ.

ಹಾರ್ಡ್ ಮತ್ತು ಲೇಟ್ ಇನ್ನೂ ಅಪಾಯಕಾರಿ. ಏಕೆಂದರೆ ಹಾರ್ಡ್ಲಿ, ಲೇಟ್ಲಿ ಎಂಬ ಪದಗಳು ಇವೆ, ಆದರೆ ಅವುಗಳ ಅರ್ಥ ಬೇರೆ. ‘ಐ ವರ್ಕ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿಯುತ್ತೇನೆ. ‘ಐ ಹಾರ್ಡ್ಲಿ ವರ್ಕ್’ ಎಂದರೆ ಕೆಲಸ ಮಾಡುವುದೇ ಇಲ್ಲ ಎನ್ನುವಷ್ಟು ಕಡಿಮೆ. ‘ಹಿ ಕೇಮ್ ಲೇಟ್’ ಎಂದರೆ ತಡವಾಗಿ ಬಂದ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ಸ್ಪೆಲ್ಲಿಂಗ್ ಪರಿಶೀಲಿಸುವ ತಂತ್ರಾಂಶ ಇವುಗಳ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ, ಪದ ಸರಿಯಾಗಿಯೇ ಇದೆಯಲ್ಲ. ನಾವೇ ಹುಡುಕಿ ಹಿಡಿಯಬೇಕು.

ತಲೆಕೆಳಗಾದದ್ದೂ ಉಂಟು. ಫ್ರೆಂಡ್ಲಿ, ಲವ್ಲಿ, ಲೋನ್ಲಿ ಎಂಬವು ‘ಲಿ’ಯಿಂದ ಮುಗಿದರೂ ಅಡ್ಜೆಕ್ಟಿವ್‌ಗಳು. ‘ಅವನು ಸ್ನೇಹದಿಂದ ಮಾತಾಡಿದ’ ಎನ್ನಲು ‘ಹಿ ಸ್ಪೋಕ್ ಫ್ರೆಂಡ್ಲಿ’ ಎಂದರಾಗದು, ‘ಹಿ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ’ ಎಂದು ಸುತ್ತಿ ಹೇಳಬೇಕು.

ಹಂತ 5: ಮೋರ್ ಬೆಟರ್ ಎಲ್ಲಿಂದ ಬರುತ್ತದೆ, ಅದರ ಬದಲು ಏನು

‘ಮೋರ್ ಬೆಟರ್’ ತಪ್ಪು ಎಂದು ಗೊತ್ತಿದ್ದೂ ಮತ್ತೆ ಮತ್ತೆ ನುಸುಳುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಹೋಲಿಕೆ ಮಾಡುವಾಗ ಗುಣದ ಪದ ಬದಲಾಗುವುದೇ ಇಲ್ಲ. ‘ಇದು ದೊಡ್ಡದು’, ‘ಇದು ಅದಕ್ಕಿಂತ ದೊಡ್ಡದು’, ‘ಇದು ಎಲ್ಲಕ್ಕಿಂತ ದೊಡ್ಡದು’ ಎಂಬ ಮೂರರಲ್ಲೂ ‘ದೊಡ್ಡದು’ ಹಾಗೇ ಇದೆ. ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಎಂಬ ಪ್ರತ್ಯಯ ಹೊತ್ತಿದೆ. ಇಂಗ್ಲಿಷಿನಲ್ಲಿ ಪದವೇ ಬದಲಾಗುತ್ತದೆ: ಬಿಗ್, ಬಿಗರ್, ಬಿಗೆಸ್ಟ್.

ಈಗ ‘ಇದು ಇನ್ನೂ ಚೆನ್ನಾಗಿದೆ’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಚೆನ್ನಾಗಿದೆ’ ಎಂಬುದಕ್ಕೆ ಹೋಲಿಕೆಯಲ್ಲಿ ‘ಬೆಟರ್’ ಎಂದು ಕಲಿತಿದ್ದೇವೆ. ‘ಇನ್ನೂ’ ಒಂದು ಉಳಿಯಿತು, ಅದಕ್ಕೆ ‘ಮೋರ್’ ಹಚ್ಚಿದೆವು. ಆದರೆ ‘ಗಿಂತ ಚೆನ್ನಾಗಿದೆ’ ಎಂಬುದಷ್ಟೂ ಬೆಟರ್ ಎಂಬ ಒಂದೇ ಪದದೊಳಗೆ ಆಗಲೇ ಸೇರಿಹೋಗಿದೆ. ಅದರ ಮೇಲೆ ಮೋರ್ ಇಟ್ಟರೆ ಒಂದೇ ಹೋಲಿಕೆಯನ್ನು ಎರಡು ಸಲ ಮಾಡಿದಂತೆ.

ಹಾಗೆಂದು ‘ಇನ್ನೂ’ ಎಂಬ ಭಾವವನ್ನು ಬಿಟ್ಟುಬಿಡಬೇಕಾಗಿಲ್ಲ. ಮೋರ್ ತೆಗೆದುಹಾಕು ಎಂದಷ್ಟೇ ಹೇಳಿಕೊಟ್ಟರೆ ಕಲಿಯುವವರ ಬಾಯಿ ಕಟ್ಟಿದಂತಾಗುತ್ತದೆ. ಹೇಳಬೇಕಾದ ಒತ್ತಿಗೆ ಇಂಗ್ಲಿಷಿನಲ್ಲಿ ಬೇರೆ ಪದಗಳಿವೆ. ‘ಅದು ಚೆನ್ನಾಗಿತ್ತು, ಇದು ಇನ್ನೂ ಚೆನ್ನಾಗಿದೆ’ ಎನ್ನಲು ‘ಈವನ್ ಬೆಟರ್’. ‘ಅದಕ್ಕಿಂತ ಎಷ್ಟೋ ಚೆನ್ನಾಗಿದೆ’ ಎನ್ನಲು ‘ಮಚ್ ಬೆಟರ್’ ಅಥವಾ ‘ಫಾರ್ ಬೆಟರ್’, ಮಾತಿನಲ್ಲಾದರೆ ‘ಎ ಲಾಟ್ ಬೆಟರ್’. ‘ಸ್ವಲ್ಪ ವಾಸಿ’ ಎನ್ನಲು ‘ಎ ಲಿಟಲ್ ಬೆಟರ್’. ಮೋರ್ ಬೆಟರ್ ಬಾಯಿಗೆ ಬಂದಾಗೆಲ್ಲ ಇವುಗಳಲ್ಲಿ ಯಾವುದು ಬೇಕಿತ್ತೆಂದು ಕೇಳಿಕೊಳ್ಳಿ. ಒತ್ತು ಏನೂ ಬೇಡವಾದರೆ ಬರೀ ಬೆಟರ್.

‘ತುಂಬಾ’ ಎಂಬ ಪದಕ್ಕೂ ಇಲ್ಲೇ ಕಟ್ಟು ಹಾಕಬೇಕು. ಗುಡ್ ಹಿಂದೆ ‘ವೆರಿ’ ಬರುತ್ತದೆ: ವೆರಿ ಗುಡ್. ಬೆಟರ್ ಹಿಂದೆ ವೆರಿ ಬರುವುದಿಲ್ಲ, ಮಚ್ ಬರುತ್ತದೆ. ‘ವೆರಿ ಬೆಟರ್’ ಎಂಬುದು ಮೋರ್ ಬೆಟರ್‌ನಷ್ಟೇ ತಪ್ಪು.

ಯಾವ ಪದಕ್ಕೆ ‘ಅರ್’, ಯಾವುದಕ್ಕೆ ‘ಮೋರ್’ ಎಂಬುದನ್ನು ಉಚ್ಚಾರಣೆಯಲ್ಲಿ ಕೇಳುವ ಸ್ವರಗಳನ್ನು ಎಣಿಸಿ ತಿಳಿಯಬಹುದು. ಒಂದೇ ಸ್ವರವಿದ್ದರೆ ಅರ್: ಟಾಲರ್, ಫಾಸ್ಟರ್. ಎರಡು ಸ್ವರವಿದ್ದು ಕೊನೆಯ ಅಕ್ಷರ ವೈ ಆಗಿದ್ದರೂ ಅರ್: ಈಜಿಯರ್, ಹ್ಯಾಪಿಯರ್. ಮೂರು ಅಥವಾ ಹೆಚ್ಚಿದ್ದರೆ ಮೋರ್: ಮೋರ್ ಬ್ಯೂಟಿಫುಲ್, ಮೋರ್ ಇಂಟರೆಸ್ಟಿಂಗ್. ಎರಡು ಸ್ವರದ ಉಳಿದ ಪದಗಳಲ್ಲಿ ಕೆಲವು ಎರಡೂ ಕಡೆ ಒಗ್ಗುತ್ತವೆ, ಅಂಥವನ್ನು ನಿಘಂಟಿನಲ್ಲಿ ನೋಡುವುದೇ ಸರಿ. ‘ಲಿ’ ಸೇರಿಸಿ ಮಾಡಿದ ಅಡ್ವರ್ಬ್‌ಗಳಿಗೆ ಮೋರ್ ಬೇಕು: ಮೋರ್ ಕ್ವಿಕ್ಲಿ, ಮೋರ್ ಈಜಿಲಿ. ಗುಡ್ ಮತ್ತು ವೆಲ್ ಎರಡಕ್ಕೂ ಹೋಲಿಕೆಯ ರೂಪ ಬೆಟರ್ ಒಂದೇ. ಹೀಗಾಗಿ ಹೋಲಿಕೆಯಲ್ಲಾದರೂ ಗುಡ್ಡೋ ವೆಲ್ಲೋ ಎಂಬ ಚಿಂತೆ ಇಲ್ಲ.

ಸುಮಾರು 400 ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಒಳ್ಳೆಯ ಬರಹಗಾರರೇ ಮೋರ್, ಅರ್ ಎಂಬ ಎರಡು ಗುರುತುಗಳನ್ನು ಒಟ್ಟಿಗೆ ಬಳಸುತ್ತಿದ್ದರು, ಒತ್ತು ಕೊಡಲೆಂದು. 18ನೇ ಶತಮಾನದ ವ್ಯಾಕರಣಕಾರರು ಅದನ್ನು ತಪ್ಪೆಂದರು, ಶಿಷ್ಟ ಬರವಣಿಗೆಯಿಂದ ಅದು ಹೊರಬಿತ್ತು. ಹಳೆಯ ಪಠ್ಯದಲ್ಲಿ ಕಂಡರೆ ಅಚ್ಚುದೋಷವೆಂದು ತಿಳಿಯಬೇಡಿ, ನಿಮ್ಮ ಪತ್ರದಲ್ಲಿ ಬಳಸಲೂ ಬೇಡಿ.

ಒಂದು ಅರ್ಜಿಯನ್ನು ತಿದ್ದಿ ನೋಡೋಣ

ಕೆಲಸಕ್ಕೆ ಹಾಕುವ ಅರ್ಜಿಯಲ್ಲಿ ಹೀಗೆ ಐದು ವಾಕ್ಯಗಳಿವೆ ಎಂದುಕೊಳ್ಳಿ:

‘ಐ ಸ್ಪೀಕ್ ಇಂಗ್ಲಿಷ್ ಗುಡ್. ಮೈ ರೈಟಿಂಗ್ ಈಸ್ ಮೋರ್ ಬೆಟರ್ ದ್ಯಾನ್ ಮೈ ಸ್ಪೀಕಿಂಗ್. ಐ ವರ್ಕ್ ಹಾರ್ಡ್ಲಿ ಅಂಡ್ ಲರ್ನ್ ನ್ಯೂ ಥಿಂಗ್ಸ್ ಕ್ವಿಕ್. ಐ ಆಲ್ವೇಸ್ ಕೀಪ್ ಮೈ ಡೆಸ್ಕ್ ಕ್ಲೀನ್ಲಿ. ದಿಸ್ ಜಾಬ್ ಸೌಂಡ್ಸ್ ಇಂಟರೆಸ್ಟಿಂಗ್ ಟು ಮಿ.’

ಮೊದಲ ವಾಕ್ಯದಲ್ಲಿ ಚೆನ್ನಾಗಿರುವುದು ಮಾತಾಡುವ ಕೆಲಸ, ಹಾಗಾಗಿ ಗುಡ್ ಹೋಗಿ ವೆಲ್ ಬರಬೇಕು. ಜಾಗ ಸರಿಯಾಗಿಯೇ ಇದೆ, ಕರ್ಮದ ಆಚೆಗೆ. ಗುಡ್ ಉಳಿಸಿಕೊಳ್ಳುವ ಆಸೆಯಿದ್ದರೆ ಅದನ್ನು ಇಂಗ್ಲಿಷ್ ಪದದ ಹಿಂದಕ್ಕೆ ತಂದು ‘ಐ ಸ್ಪೀಕ್ ಗುಡ್ ಇಂಗ್ಲಿಷ್’ ಎನ್ನಬಹುದು.

ಎರಡನೆಯದರಲ್ಲಿ ಬರೆದವರ ಮನಸ್ಸಿನಲ್ಲಿದ್ದದ್ದು ಏನೆಂದು ಕೇಳಬೇಕು. ಮಾತಿಗಿಂತ ಬರವಣಿಗೆ ಎಷ್ಟೋ ಮೇಲು ಎಂದಾದರೆ ‘ಮಚ್ ಬೆಟರ್’. ಮಾತೂ ಚೆನ್ನಾಗಿದೆ, ಬರವಣಿಗೆ ಇನ್ನೂ ಚೆನ್ನಾಗಿದೆ ಎಂದಾದರೆ ‘ಈವನ್ ಬೆಟರ್’. ಮೊದಲ ವಾಕ್ಯದಲ್ಲಿ ಮಾತು ಚೆನ್ನಾಗಿದೆ ಎಂದು ಹೇಳಿಯಾಗಿರುವುದರಿಂದ ಇಲ್ಲಿ ಎರಡನೆಯದೇ ಹೊಂದುತ್ತದೆ. ಮಚ್ ಬೆಟರ್ ಎಂದರೆ ಹಿಂದಿನ ವಾಕ್ಯದ ಹೊಗಳಿಕೆಯನ್ನು ಹಿಂದಕ್ಕೆ ಎಳೆದುಕೊಂಡಂತಾಗುತ್ತದೆ.

ಮೂರನೆಯದು ಅರ್ಜಿಗೇ ಮುಳುವಾಗುವಂಥದ್ದು. ಹಾರ್ಡ್ಲಿ ಎಂದು ಬರೆದವರು ಕಷ್ಟಪಟ್ಟು ದುಡಿಯುತ್ತೇನೆ ಎಂದುಕೊಂಡಿದ್ದಾರೆ, ಓದುವವರ ಮನಸ್ಸಿಗೆ ಬರುವುದು ಅದರ ವಿರುದ್ಧ ಅರ್ಥ. ಹಾರ್ಡ್ ಮಾಡಿ. ಕ್ವಿಕ್ ಅನ್ನು ಆತ್ಮೀಯ ಮಾತಿನಲ್ಲಿ ಅಡ್ವರ್ಬ್ ಆಗಿ ಬಳಸುವುದುಂಟು, ಅರ್ಜಿಯಲ್ಲಿ ಕ್ವಿಕ್ಲಿ ಇರಲಿ. ಒಂದೇ ವಾಕ್ಯದಲ್ಲಿ ಒಂದು ಕಡೆ ‘ಲಿ’ ತೆಗೆದೆವು, ಇನ್ನೊಂದು ಕಡೆ ಸೇರಿಸಿದೆವು.

ನಾಲ್ಕನೆಯದರಲ್ಲಿ ಕನ್ನಡದ ‘ಸ್ವಚ್ಛವಾಗಿಡುತ್ತೇನೆ’ ಇದೆ. ಇಡು ಬಂದಿದೆ, ಹಾಗಾಗಿ ‘ಕೀಪ್ ಮೈ ಡೆಸ್ಕ್ ಕ್ಲೀನ್’.

ಐದನೆಯದನ್ನು ಮುಟ್ಟಬಾರದು. ತಿದ್ದುವ ಹುಮ್ಮಸ್ಸಿನಲ್ಲಿ ‘ಇಂಟರೆಸ್ಟಿಂಗ್ಲಿ’ ಎಂದು ಮಾಡಿದರೆ ಸರಿಯಿದ್ದದ್ದು ಕೆಡುತ್ತದೆ. ಕೆಲಸ ಯಾವ ಸದ್ದನ್ನೂ ಮಾಡುತ್ತಿಲ್ಲ, ಆಸಕ್ತಿ ಹುಟ್ಟಿಸುವಂತೆ ಕೇಳಿಸುತ್ತಿದೆ. ‘ದಿಸ್ ಜಾಬ್ ಈಸ್ ಇಂಟರೆಸ್ಟಿಂಗ್’ ಎಂದು ಬದಲಿಸಿ ನೋಡಿದರೂ ಮಾತು ನಿಲ್ಲುತ್ತದೆ.

ಬರೆದಾದ ಮೇಲೆ ಹುಡುಕುವ ಬಗೆ

ಕಂಪ್ಯೂಟರಿನಲ್ಲಿ ಬರೆದಿದ್ದರೆ ಹುಡುಕುವ ಪಟ್ಟಿಯನ್ನು `Ctrl+F` ಒತ್ತಿ ತೆರೆದು, ಮೊದಲು `more` ಎಂದು ಟೈಪಿಸಿ. ಸಿಕ್ಕ ಪ್ರತಿಯೊಂದರ ಮುಂದಿನ ಪದ `er` ಎಂದು ಮುಗಿಯುತ್ತಿದೆಯೇ ನೋಡಿ. ಮುಗಿಯುತ್ತಿದ್ದರೆ, ಹೋಲಿಕೆ ಎರಡು ಸಲ ಆಗಿರುವ ಸಾಧ್ಯತೆ ಇದೆ. `most` ಎಂದು ಹುಡುಕಿ ಮುಂದಿನ ಪದ `est` ಎಂದು ಮುಗಿಯುತ್ತದೆಯೇ ಎಂದೂ ನೋಡಿ. ಆಮೇಲೆ `good` ಎಂದು ಹುಡುಕಿ, ಅದರ ಮುಂದೆ ಹೆಸರಿಲ್ಲದೆ ವಾಕ್ಯ ಮುಗಿದಿರುವ ಕಡೆ ಮಾತ್ರ ನಿಲ್ಲಿ. ಅಲ್ಲಿ ಕ್ರಿಯಾಪದ ಇರು, ಆಗು, ಇಡು ಅಥವಾ ಇಂದ್ರಿಯದ ಜಾತಿಯದ್ದಾದರೆ ಹಾಗೇ ಬಿಡಿ, ಬೇರೆಯಾದರೆ ವೆಲ್ ಮಾಡಿ. ಕೊನೆಗೆ `hardly` ಮತ್ತು `lately` ಹುಡುಕಿ ಅರ್ಥವನ್ನು ಖಚಿತಪಡಿಸಿಕೊಳ್ಳಿ.

`more` ಹುಡುಕುವಾಗ `er` ಕಂಡ ಕೂಡಲೇ ಅಳಿಸಿಬಿಡಬೇಡಿ. ಈಗರ್, ಪ್ರಾಪರ್ ಎಂಬ ಪದಗಳಲ್ಲಿ ಆ `er` ಹೋಲಿಕೆಯ ಗುರುತಲ್ಲ, ಪದದ್ದೇ ಅಂಗ. ಅದನ್ನು ಕಳಚಿದರೆ ಅದೇ ಅರ್ಥದ ಪದವೊಂದು ಉಳಿಯುತ್ತದೆಯೇ ನೋಡಿ. ಫಾಸ್ಟರ್‌ನಿಂದ ಕಳಚಿದರೆ ಫಾಸ್ಟ್ ಉಳಿಯುತ್ತದೆ, ಆದ್ದರಿಂದ ‘ಮೋರ್ ಫಾಸ್ಟರ್’ ತಪ್ಪು. ಈಗರ್‌ನಿಂದ ಕಳಚಿದರೆ ಅಂಥ ಪದ ಯಾವುದೂ ಉಳಿಯುವುದಿಲ್ಲ, ಆದ್ದರಿಂದ ‘ಮೋರ್ ಈಗರ್’ ಸರಿ. ಬೆಟರ್ ಈ ಪರೀಕ್ಷೆಗೆ ಸಿಗದ ಪದ. ‘ಬೆಟ್’ ಎಂದರೆ ಪಂದ್ಯ, ಅದಕ್ಕೂ ಒಳ್ಳೆಯದಕ್ಕೂ ಸಂಬಂಧವಿಲ್ಲ. ಬೆಟರ್ ಮತ್ತು ಅದರ ಎದುರಿನ ವರ್ಸ್, ಇವೆರಡನ್ನು ಹೆಸರು ಹಿಡಿದೇ ಹುಡುಕಬೇಕು: `more better`, `more worse`.